ಫೋನಿನಲ್ಲಿ ಎರಡನೇ ಇಮೇಲ್ ಖಾತೆ: ನನ್ನ ಅನುಭವ

ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿರುವ ನಮ್ಮ ಬಟ್ಟೆ ಅಂಗಡಿಗೆ ಸ್ವಂತ ಡೊಮೈನ್‌ನ ಇಮೇಲ್ ಇದೆ. ವೈಯಕ್ತಿಕ ಖಾತೆಯಿದ್ದ ಫೋನಿನ ಮೇಲ್ ಆ್ಯಪ್‌ಗೆ ಅದನ್ನೂ ಸೇರಿಸಲು ಹೋದಾಗ, ಸರ್ವರ್ ಸಿಗುತ್ತಿಲ್ಲ ಎಂಬ ಸಂದೇಶ ಬಂತು. ಪಾಸ್‌ವರ್ಡ್ ತಪ್ಪು ಎಂದು ಅದು ಹೇಳಲಿಲ್ಲ, ಆ ವ್ಯತ್ಯಾಸವೇ ಮುಖ್ಯ ಸುಳಿವು. ವಿಳಾಸದಲ್ಲಿ @ ನಂತರದ ಹೆಸರಿನಿಂದ ಆ್ಯಪ್ ಸರ್ವರ್ ಹೆಸರನ್ನು ಊಹಿಸುತ್ತದೆ. ನಮ್ಮದರ ಮುಂದೆ `imap.` ಸೇರಿಸಿ ಹುಡುಕಿತ್ತು, ಅಂಥ ಸರ್ವರ್ ಇರಲೇ ಇಲ್ಲ.

ಹೋಸ್ಟಿಂಗ್ ಖಾತೆಯ ಇಮೇಲ್ ಪುಟದಲ್ಲಿ ನಿಜವಾದ ಹೆಸರು ಸಿಕ್ಕಿತು. ಅದು `mail.` ಎಂದು ಶುರುವಾಗುತ್ತದೆ. ಆ್ಯಪ್‌ನಲ್ಲಿ ಕೈಯಾರೆ ಹೊಂದಿಸುವ ಆಯ್ಕೆ ತೆರೆದು, ಪತ್ರಗಳನ್ನು ಸರ್ವರ್‌ನಲ್ಲೇ ಇಟ್ಟು ತೋರಿಸುವ IMAP ಆರಿಸಿದೆ. POP3 ಬೇಡ, ಅಂಗಡಿಯ ಕಂಪ್ಯೂಟರಿನಲ್ಲೂ ಫೋನಿನಲ್ಲೂ ಒಂದೇ ಪೆಟ್ಟಿಗೆ ಕಾಣಬೇಕಿತ್ತು. ಒಳಬರುವ ಸರ್ವರ್‌ಗೆ ಪೋರ್ಟ್ 993, ಭದ್ರತೆ SSL/TLS. ಬಳಕೆದಾರರ ಹೆಸರಿನಲ್ಲಿ ಆ್ಯಪ್ @ಗಿಂತ ಮೊದಲಿನ ಭಾಗವನ್ನಷ್ಟೇ ತುಂಬಿತ್ತು. ನಮ್ಮ ಸರ್ವರ್‌ಗೆ ಪೂರ್ತಿ ವಿಳಾಸವೇ ಬೇಕು.

ಪತ್ರಗಳು ಬಂದವು, ಆದರೆ ಕಳುಹಿಸಿದ ದರಪಟ್ಟಿ ಹೊರಡದೆ ಉಳಿಯಿತು. ಹೊರಹೋಗುವ SMTP ಸರ್ವರ್‌ನಲ್ಲಿ ಪೋರ್ಟ್ 25 ಇತ್ತು. ಹಲವು ಮೊಬೈಲ್ ಜಾಲಗಳು ಅದನ್ನು ತಡೆಯುತ್ತವೆ. ಅದನ್ನು 587 ಮತ್ತು STARTTLSಗೆ ಬದಲಿಸಿ, ಕಳುಹಿಸುವಾಗಲೂ ಲಾಗಿನ್ ಬೇಕೆಂಬ ಆಯ್ಕೆಗೆ ಗುರುತು ಹಾಕಿದೆ. ದರಪಟ್ಟಿ ಕೂಡಲೇ ಹೊರಟಿತು. ಕೆಲವು ಸರ್ವರ್‌ಗಳು 465 ಮತ್ತು SSL/TLS ಕೇಳುತ್ತವೆ.