ಜಿಎಸ್‌ಟಿ ನಂಬರಿನ ನಡುವಿನ ಹತ್ತು ಅಕ್ಷರ: ಆನ್‌ಲೈನ್ ಮಾರಾಟಗಾರನ ಹಿಂದಿನ ಕಂಪನಿಯನ್ನು ನಾನು ಹುಡುಕಿದ ರೀತಿ

ನಮ್ಮ ಬೀಡಿನ ದೋಸೆ ಹಂಚಿನ ಫೋಟೋಗಳನ್ನೇ ಹಾಕಿಕೊಂಡು ಬೇರೆ ಯಾರೋ ಆನ್‌ಲೈನ್‌ನಲ್ಲಿ ಹಂಚು ಮಾರುತ್ತಿದ್ದರು. ಫೋಟೋದಲ್ಲಿ ಹಿಡಿಯ ಹತ್ತಿರ ನಮ್ಮ ಪ್ಯಾಟರ್ನ್‌ನ ಗುರುತು ಸಹ ಹಾಗೇ ಇತ್ತು. ಬೆಲೆ ಮಾತ್ರ ನಮ್ಮದಕ್ಕಿಂತ ಇನ್ನೂರು ಇನ್ನೂರೈವತ್ತು ರೂಪಾಯಿ ಕಡಿಮೆ. ಬೆಳಗಾವಿಯ ಉದ್ಯಮಬಾಗದಲ್ಲಿ ಈ ಮಾತು ತೆಗೆದಾಗ ಫೌಂಡ್ರಿಯವರೆಲ್ಲ ಹೇಳಿದ್ದು ಒಂದೇ: "ಅದೆಲ್ಲಾ ಸಿಗೂದಲ್ಲ ಬಿಡ್ರಿ. ಅಂಗಡಿ ಹೆಸರು ಒಂದ್ ಇರ್ತದ, ಮಾರಾವ ಇನ್ನೊಬ್ಬ ಇರ್ತಾನ." ಬೆಂಗಳೂರಿನ ಒಂದು ಏಜೆನ್ಸಿಯವರು ಹುಡುಕಿಕೊಡಲು ಇಪ್ಪತ್ತೈದು ಸಾವಿರದ ಹತ್ತಿರ ಕೇಳಿದರು, ಅದೂ ಗ್ಯಾರಂಟಿ ಇಲ್ಲದೆ. ಕೊನೆಗೆ ನಾನೇ ಹುಡುಕಿದೆ. ಎರಡು ಹಂಚು ಕೊಂಡ ದುಡ್ಡು ಮತ್ತು ವಕೀಲರ ನೋಟಿಸು ಎಲ್ಲಾ ಸೇರಿ ಐದು ಸಾವಿರದ ಆಸುಪಾಸು ಖರ್ಚಾಯಿತು. ಸಿಗಲ್ಲ ಅಂದವರು ಈಗ ಹೇಗೆ ಮಾಡಿದ್ರಿ ಅಂತ ಕೇಳುತ್ತಿದ್ದಾರೆ. ಅವರಿಗಾಗಿಯೇ ಇದನ್ನು ಬರೆದಿದ್ದೇನೆ.

ಮಾರಾಟ ತಾಣದ ಪುಟದಲ್ಲಿ ಮಾರಾಟಗಾರನ ಹೆಸರು ಒತ್ತಿದರೆ ವ್ಯಾಪಾರದ ಹೆಸರು, ವಿಳಾಸ, ಗ್ರಾಹಕ ಸೇವೆಯ ಫೋನ್ ನಂಬರ್ ಬರುತ್ತವೆ. 2020ರ ಇ-ಕಾಮರ್ಸ್ ನಿಯಮ ಬಂದ ಮೇಲೆ ಇವನ್ನು ತೋರಿಸಲೇಬೇಕು. ನಾನೂ ಅಲ್ಲಿಂದಲೇ ಶುರು ಮಾಡಿದೆ. ಫೋನ್ ಮಾಡಿದರೆ ಆರ್ಡರ್ ನಂಬರ್ ಒತ್ತಿ ಅನ್ನುವ ರೆಕಾರ್ಡಿಂಗ್ ಬಿಟ್ಟು ಬೇರೇನೂ ಇಲ್ಲ. ವಿಳಾಸಕ್ಕೆ ರಿಜಿಸ್ಟರ್ಡ್ ಪೋಸ್ಟ್ ಹಾಕಿದೆ, ವಾಪಸ್ ಬಂತು. ಅದು ಬೆಂಗಳೂರಿನ ಹೊರವಲಯದ ಒಂದು ಗೋದಾಮಿನ ವಿಳಾಸ. ಆ ಸರ್ವೆ ನಂಬರನ್ನೂ ಪಿನ್‌ಕೋಡನ್ನೂ ಉದ್ಧರಣ ಚಿಹ್ನೆಯೊಳಗೆ ಹಾಕಿ ಹುಡುಕಿದರೆ ಸೀರೆ ಮಾರುವವನು, ಪ್ರೋಟೀನ್ ಪುಡಿ ಮಾರುವವನು, ಮೊಬೈಲ್ ಕವರ್ ಮಾರುವವನು, ಎಲ್ಲರೂ ಅಲ್ಲೇ ಇದ್ದರು. ಒಂದೇ ವಿಳಾಸದಲ್ಲಿ ಸಂಬಂಧವೇ ಇಲ್ಲದ ಮಾಲಿನವರು ಹೀಗೆ ಗುಂಪಾಗಿ ಸಿಕ್ಕರೆ ಅದು ಮಾರಾಟ ತಾಣದ ಗೋದಾಮು ಅಂತ ತಿಳಿಯಿರಿ. ಬೇರೆ ರಾಜ್ಯದವರು ಇಲ್ಲಿ ಸ್ಟಾಕ್ ಇಡಬೇಕಾದರೆ ಇಲ್ಲಿನ ಜಿಎಸ್‌ಟಿ ನೋಂದಣಿ ಬೇಕು. ಅದಕ್ಕೆ ಆ ಗೋದಾಮನ್ನೇ ವಿಳಾಸವಾಗಿ ಕೊಟ್ಟಿರುತ್ತಾರೆ. ಅಲ್ಲಿ ಕಂಪನಿಯ ಕಡೆಯವರು ಒಬ್ಬರೂ ಕೂತಿರುವುದಿಲ್ಲ.

ಮೊದಲು ಇನ್ನೊಂದು ವಿಷಯ ಖಚಿತ ಮಾಡಿಕೊಳ್ಳಬೇಕು. ಒಂದೇ ಲಿಸ್ಟಿಂಗ್‌ನಲ್ಲಿ ಹಲವು ಮಾರಾಟಗಾರರು ಇರುತ್ತಾರೆ, ಪಿನ್‌ಕೋಡ್ ಬದಲಾದರೆ ಮುಂದೆ ಕಾಣುವ ಹೆಸರೂ ಬದಲಾಗಬಹುದು. ನಾನು 590001 ಹಾಕಿ ನೋಡಿದೆ, 560001 ಹಾಕಿದೆ, 110001 ಹಾಕಿದೆ. ದಿಲ್ಲಿಯ ಪಿನ್‌ಕೋಡಿಗೆ ಬೇರೆ ಹೆಸರು ಬಂತು. ಅದಕ್ಕೇ ಎರಡು ಕಡೆಯಿಂದ ಒಂದೊಂದು ಹಂಚು ತರಿಸಿದೆ. ದಿಲ್ಲಿಯದನ್ನು ಅಲ್ಲಿರುವ ನಮ್ಮ ಅಕ್ಕನ ಮಗನ ಮನೆಗೆ ಕಳಿಸಿಕೊಂಡೆ. ಜಿಎಸ್‌ಟಿ ನೋಂದಣಿ ಇರುವ ಮಾರಾಟಗಾರನಾದರೆ, ಪುಟದಲ್ಲಿ ನಂಬರ್ ಕಾಣದಿದ್ದರೂ ಇನ್‌ವಾಯ್ಸ್‌ನಲ್ಲಿ ಇದ್ದೇ ಇರುತ್ತದೆ. ಈ ಕೆಲಸದಲ್ಲಿ ನಾನು ಖರ್ಚು ಮಾಡಿದ ಅತ್ಯಂತ ಉಪಯೋಗದ ದುಡ್ಡು ಆ ಎರಡು ಇನ್‌ವಾಯ್ಸಿನದು.

ಬೆಳಗಾವಿಗೆ ಬಂದ ಇನ್‌ವಾಯ್ಸಿನ ನಂಬರ್ ಹೀಗಿತ್ತು. ಕೆಲವು ಅಕ್ಷರ ಮುಚ್ಚಿದ್ದೇನೆ:

```
29***FS****K1Z*
```

ಮೊದಲ ಎರಡು ಅಂಕಿ ರಾಜ್ಯ, 29 ಅಂದರೆ ಕರ್ನಾಟಕ. ಆಮೇಲಿನ ಹತ್ತು ಅಕ್ಷರವೇ ಪ್ಯಾನ್. ರಾಜ್ಯ ಬದಲಾದರೆ ಮೊದಲ ಎರಡು ಅಂಕಿ ಬದಲಾಗುತ್ತದೆ, ಕೊನೆಯ ಭಾಗವೂ ಬದಲಾಗಬಹುದು, ಆದರೆ ಪ್ಯಾನ್ ಬದಲಾಗಲ್ಲ. ಅಂಗಡಿಗೆ ಯಾವ ಹೆಸರು ಬೇಕಾದರೂ ಇಡಬಹುದು, ವಿಳಾಸ ಗೋದಾಮಿನದು ಕೊಡಬಹುದು, ಈ ಹತ್ತು ಅಕ್ಷರವನ್ನು ಮಾತ್ರ ತಮಗೆ ಬೇಕಾದಂತೆ ಮಾಡಿಕೊಳ್ಳಲು ಬರಲ್ಲ. ಅದರಲ್ಲಿ ನಾಲ್ಕನೇ ಅಕ್ಷರ ನೋಡಿ. P ಇದ್ದರೆ ಒಬ್ಬ ವ್ಯಕ್ತಿ, ಅಂದರೆ ಪ್ರೊಪ್ರೈಟರ್. C ಇದ್ದರೆ ಕಂಪನಿ. F ಇದ್ದರೆ ಪಾಲುದಾರಿಕೆ ಸಂಸ್ಥೆ ಅಥವಾ ಸೀಮಿತ ಹೊಣೆಯ ಪಾಲುದಾರಿಕೆಯಾದ ಎಲ್‌ಎಲ್‌ಪಿ. ನನಗೆ ಬಂದ ನಂಬರಿನಲ್ಲಿ F.

ದಿಲ್ಲಿಯ ಇನ್‌ವಾಯ್ಸ್ 06ರಿಂದ ಶುರುವಾಗಿತ್ತು, ಹರಿಯಾಣದ್ದು. ಅಂಗಡಿ ಹೆಸರು ಬೇರೆ, ನಡುವಿನ ಹತ್ತು ಅಕ್ಷರ ಅದೇ. ಎರಡು ಅಂಗಡಿ ಅಂತ ಕಂಡದ್ದು ಒಂದೇ ಸಂಸ್ಥೆ ಅಂತ ಅಲ್ಲಿಗೇ ಗೊತ್ತಾಯಿತು.

ಆಮೇಲೆ `services.gst.gov.in`ಗೆ ಹೋಗಿ `Search Taxpayer` ಕೆಳಗೆ `Search by PAN` ತೆಗೆದೆ. ಬಹಳ ಜನ `Search by GSTIN` ಮಾಡಿ ಅಲ್ಲೇ ನಿಲ್ಲುತ್ತಾರೆ, ಗೋದಾಮಿನ ವಿಳಾಸ ನೋಡಿ ಸುಮ್ನೆ ಎದ್ದುಬಿಡುತ್ತಾರೆ. ಪ್ಯಾನ್ ಹಾಕಿದರೆ ಆ ಸಂಸ್ಥೆ ಯಾವ ಯಾವ ರಾಜ್ಯದಲ್ಲಿ ನೋಂದಣಿ ಮಾಡಿಸಿದೆ ಅನ್ನುವ ಪಟ್ಟಿಯೇ ಬರುತ್ತದೆ. ನನಗೆ ಆರೋ ಏಳೋ ರಾಜ್ಯ ಬಂದವು. ಒಂದೊಂದನ್ನೂ ತೆರೆದು ಎರಡು ಸಾಲು ಮಾತ್ರ ನೋಡಿದೆ: ನೋಂದಣಿ ಯಾವತ್ತಿಂದ, ವ್ಯವಹಾರದ ಬಗೆ ಏನು. ಕರ್ನಾಟಕ, ಹರಿಯಾಣ, ತೆಲಂಗಾಣದವೆಲ್ಲ ಈಚಿನ ವರ್ಷಗಳವು, ಬಗೆ ಗೋದಾಮು ಮತ್ತು ಚಿಲ್ಲರೆ ಮಾರಾಟ. ಗುಜರಾತಿನದು, ಅಂದರೆ 24ರಿಂದ ಶುರುವಾಗುವುದು, ಮಾತ್ರ 01/07/2017ರದು. ಜಿಎಸ್‌ಟಿ ಜಾರಿಗೆ ಬಂದ ದಿನವೇ ಅದು. ಆ ತಾರೀಖು ಕಂಡರೆ ಹಳೆಯ ವ್ಯಾಟ್ ಕಾಲದಿಂದ ಬಂದ ವ್ಯಾಪಾರ ಅಂತ ಹೆಚ್ಚುಕಮ್ಮಿ ನಂಬಬಹುದು. ಬಗೆಯಲ್ಲಿ ಕಾರ್ಖಾನೆ ಅಂತ ಇತ್ತು. ವಿಳಾಸ ರಾಜಕೋಟದ ಒಂದು ಕೈಗಾರಿಕಾ ಪ್ರದೇಶ. ರಾಜಕೋಟವೂ ಫೌಂಡ್ರಿಗಳ ಊರು, ನಮ್ಮ ಎರಕದ ಕಸುಬಿನವರಿಗೆ ಬೇರೆ ವಿವರಣೆ ಬೇಕಿಲ್ಲ. ಅದೇ ಪುಟದ ಕೆಳಗೆ ರಿಟರ್ನ್ ಸಲ್ಲಿಸಿದ ತಾರೀಖುಗಳ ಪಟ್ಟಿ ಸಿಗುತ್ತದೆ. ಹಿಂದಿನ ತಿಂಗಳವರೆಗೂ ತುಂಬಿದ್ದರು. ಅಂದರೆ ನಡೆಯುತ್ತಿರುವ ಸಂಸ್ಥೆ, ಹೆಸರಿಗೆ ಇಟ್ಟದ್ದಲ್ಲ.

ಇಲ್ಲಿಗೆ ಮುಗಿಯಿತು ಅಂದುಕೊಳ್ಳಬೇಡಿ. ಇನ್‌ವಾಯ್ಸಿನಲ್ಲಿ ಇರುವವನು ಮಾರಿದವನು ಅಷ್ಟೇ. ಬ್ರಾಂಡ್ ಯಾರದ್ದು, ಎರಕ ಹೊಯ್ದವರು ಯಾರು, ಅದು ಬೇರೆಯೇ ಇರಬಹುದು. ಸಾವಿರಾರು ಸಂಬಂಧವಿಲ್ಲದ ಸಾಮಾನು ಮಾರುವ ದೊಡ್ಡ ಮಾರಾಟಗಾರರಾದರೆ ಅವರು ಬರೀ ಕೊಂಡು ಮಾರುವವರು, ಅವರ ಪ್ಯಾನ್ ಹಿಂದೆ ಹೋಗಿ ಏನೂ ಸಿಗಲ್ಲ. ಆಗ ಡಬ್ಬಿಯ ಲೇಬಲ್ ನೋಡಬೇಕು. ತಯಾರಿಸಿದವರು, ಪ್ಯಾಕ್ ಮಾಡಿದವರು ಅಥವಾ ಆಮದು ಮಾಡಿದವರ ಹೆಸರು, ವಿಳಾಸ ಹಾಕುವುದು ತೂಕ ಅಳತೆಯ ಕಾನೂನುಮಾಪನ ನಿಯಮದಲ್ಲಿ ಕಡ್ಡಾಯ. ನಾನು ತರಿಸಿದ ಹಂಚಿನ ಡಬ್ಬಿ ಮೇಲೆ ಒಂದು ಪ್ರೈವೇಟ್ ಲಿಮಿಟೆಡ್ ಕಂಪನಿಯ ಹೆಸರಿತ್ತು, ಇನ್‌ವಾಯ್ಸಿನ ಪಾಲುದಾರಿಕೆ ಸಂಸ್ಥೆಯದಲ್ಲ. ಅಕ್ಷರ ಎಷ್ಟು ಸಣ್ಣ ಅಂದರೆ ಫೋನಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ಓದಬೇಕಾಯಿತು.

ಇವೆರಡಕ್ಕೂ ಸಂಬಂಧ ಏನು? ನಮ್ಮ ವಕೀಲರು ಇಲ್ಲಿ ಕೈಚೆಲ್ಲಿದರು. ಪಾಲುದಾರಿಕೆ ಸಂಸ್ಥೆಯ ವಿವರ ಕಂಪನಿ ವ್ಯವಹಾರಗಳ ಸಚಿವಾಲಯದ ಎಂಸಿಎ ತಾಣದಲ್ಲಿ ಇರಲ್ಲ, ಅದು ಕಂಪನಿ ಮತ್ತು ಎಲ್‌ಎಲ್‌ಪಿಗೆ ಮಾತ್ರ. ನಾನು ಟ್ರೇಡ್‌ಮಾರ್ಕ್ ಹುಡುಕಾಟಕ್ಕೆ ಹೋದೆ. ಅಡುಗೆ ಪಾತ್ರೆಗಳು 21ನೇ ವರ್ಗದಲ್ಲಿ ಬರುತ್ತವೆ. ಬ್ರಾಂಡ್ ಹೆಸರು ಹಾಕಿದಾಗ ಅರ್ಜಿ ಸಿಕ್ಕಿತು, ಅರ್ಜಿದಾರ ಆ ಪಾಲುದಾರಿಕೆ ಸಂಸ್ಥೆ. ಪಾಲುದಾರಿಕೆಯ ಪರವಾಗಿ ಅರ್ಜಿ ಹಾಕಿದರೆ ಪಾಲುದಾರರ ಹೆಸರುಗಳೂ ಅಲ್ಲಿ ಬರುತ್ತವೆ. ಈ ಕಡೆ ಎಂಸಿಎಯಲ್ಲಿ ಡಬ್ಬಿ ಮೇಲಿನ ಕಂಪನಿಯ ನಿರ್ದೇಶಕರ ಹೆಸರು ತೆಗೆದೆ. ಅವರಲ್ಲಿ ಇಬ್ಬರು ಆ ಪಾಲುದಾರರೇ. ನೋಂದಾಯಿತ ಕಚೇರಿಯ ಪ್ಲಾಟ್ ನಂಬರ್ ಕೂಡ ಗುಜರಾತಿನ ಜಿಎಸ್‌ಟಿ ವಿಳಾಸದ್ದೇ. ಒಂದೇ ಮನೆಯವರು, ಎರಕ ಒಂದು ಹೆಸರಲ್ಲಿ, ಮಾರಾಟ ಇನ್ನೊಂದು ಹೆಸರಲ್ಲಿ. ಬರೀ ಹೆಸರು ಹೊಂದಿದರೆ ಸಾಲದು, ಒಂದೇ ಹೆಸರಿನವರು ಬೇಕಾದಷ್ಟು ಜನ ಇರುತ್ತಾರೆ ಅಲ್ವಾ. ಹೆಸರಿನ ಜೊತೆ ವಿಳಾಸವೂ ಹೊಂದಿದ ಮೇಲೇ ನಾನು ವಕೀಲರಿಗೆ ಕಾಗದ ಕೊಟ್ಟದ್ದು.

ಇದರ ಜೊತೆಗೇ ಇನ್ನೊಂದು ದಾರಿಯನ್ನೂ ಹಿಡಿದಿದ್ದೆ, ಅದು ಎಷ್ಟೋ ಜನರಿಗೆ ಗೊತ್ತಿಲ್ಲ. ಕೊಂಡ ಮೇಲೆ ಗ್ರಾಹಕ ಬರವಣಿಗೆಯಲ್ಲಿ ಕೇಳಿದರೆ, ಮಾರಾಟಗಾರನ ಮುಖ್ಯ ಕಚೇರಿ ಮತ್ತು ಶಾಖೆಗಳ ವಿಳಾಸ, ವೆಬ್‌ಸೈಟ್, ಇಮೇಲ್ ಇವನ್ನು ಮಾರಾಟ ತಾಣ ಕೊಡಬೇಕು ಅಂತ ಅದೇ 2020ರ ನಿಯಮದಲ್ಲಿದೆ. ತಾಣದ ದೂರು ಅಧಿಕಾರಿ 48 ಗಂಟೆಯೊಳಗೆ ತಲುಪಿದೆ ಅಂತ ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಇನ್‌ವಾಯ್ಸ್ ಲಗತ್ತಿಸಿ ಇಮೇಲ್ ಹಾಕಿದೆ. ಮೊದಲ ಉತ್ತರದಲ್ಲಿ ಮತ್ತೆ ಅದೇ ಗೋದಾಮಿನ ವಿಳಾಸ. ನಿಯಮದ ಮಾತನ್ನೇ ಎತ್ತಿ ಹಾಕಿ, ಮುಖ್ಯ ಕಚೇರಿ ಅಂತ ಅಡಿಗೆರೆ ಎಳೆದು ಇನ್ನೊಮ್ಮೆ ಬರೆದೆ. ಮೂರು ವಾರದ ಹೊತ್ತಿಗೆ ರಾಜಕೋಟದ ವಿಳಾಸ ಬಂತು. ಅಷ್ಟರಲ್ಲಿ ನನಗೆ ಅದು ಸಿಕ್ಕಾಗಿತ್ತು, ಆದರೆ ತಾಣವೇ ಬರೆದುಕೊಟ್ಟ ಕಾಗದಕ್ಕೆ ನೋಟಿಸಿನಲ್ಲಿ ತೂಕ ಜಾಸ್ತಿ.

ಕಂಪನಿಯ ನೋಂದಾಯಿತ ಕಚೇರಿಗೂ ಸಂಸ್ಥೆಯ ವಿಳಾಸಕ್ಕೂ ಎರಡು ನೋಟಿಸು ಹೋಯಿತು. ಈ ಸಲ ಎರಡರ ಸ್ವೀಕೃತಿಯೂ ಸಹಿಯೊಂದಿಗೆ ಬಂತು. ಹತ್ತು ಹನ್ನೆರಡು ದಿನದಲ್ಲಿ ನಮ್ಮ ಫೋಟೋಗಳೆಲ್ಲ ಇಳಿದವು. ಎರಡು ಅಂಗಡಿ ಹೆಸರಿನದು ಮಾತ್ರವಲ್ಲ, ಅವರ ಮೂರನೇ ಅಂಗಡಿಯದೂ ಇಳಿಯಿತು. ಆ ಮೂರನೆಯದು ಅವರದ್ದೇ ಅಂತ ಹೇಗೆ ಹಿಡಿದೆ ಅನ್ನುವುದನ್ನು ಇಲ್ಲಿ ಹೇಳುವುದಿಲ್ಲ, ಅದು ಇನ್ನೂ ನನಗೆ ಬೇಕು.

ರುಚಿ ಹತ್ತಿದ ಮೇಲೆ ಮನೆಯಲ್ಲಿದ್ದ ಸಾಮಾನನ್ನೆಲ್ಲ ಪರೀಕ್ಷೆ ಮಾಡಿದೆ. ಮೊಬೈಲ್ ಚಾರ್ಜರ್ ಮೇಲೆ R- ಅಂತ ಶುರುವಾಗುವ, ಮಾನಕ ಸಂಸ್ಥೆ ಬಿಐಎಸ್ ಕೊಟ್ಟ ನಂಬರ್ ಇರುತ್ತದೆ. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಅದನ್ನು ಹಾಕಿದರೆ ತಯಾರಿಸಿದ ಕಾರ್ಖಾನೆಯ ಹೆಸರೇ ಬರುತ್ತದೆ. ದಿಲ್ಲಿಯ ಅಂಗಡಿಯಿಂದ ಬಂದ ಚಾರ್ಜರಿನ ಕಾರ್ಖಾನೆ ಚೀನಾದಲ್ಲಿತ್ತು. ಜೇನುತುಪ್ಪದ ಬಾಟಲಿಯ 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರನ್ನು ಆಹಾರ ಪರವಾನಗಿಯ ಫಾಸ್ಕಾಸ್ ತಾಣದಲ್ಲಿ ಹಾಕಿದೆ, ಅಲ್ಲಿ ಪ್ಯಾಕ್ ಮಾಡಿದವನ ಹೆಸರು ಸಿಕ್ಕಿತು. ಬ್ರಾಂಡಿನವನು ಬೇರೆ. ಬೀಡಿನ ಹಂಚಿಗೆ ಈ ಥರದ ನಂಬರ್ ಏನೂ ಇರಲಿಲ್ಲ, ಅದಕ್ಕೇ ಪ್ಯಾನ್ ಹಿಂದೆ ಸುತ್ತಬೇಕಾಯಿತು.

ಈ ದಾರಿ ಸಾಗದ ಕಡೆಯೂ ಇದೆ. ನಾಲ್ಕನೇ ಅಕ್ಷರ P ಇದ್ದರೆ ಒಬ್ಬರ ಹೆಸರು ಸಿಗುತ್ತದೆ, ಅವರ ಹಿಂದೆ ಬೇರೆ ಕಂಪನಿ ಇದ್ದರೂ ಜಿಎಸ್‌ಟಿ ತಾಣ ಹೇಳಲ್ಲ. 2023ರ ಅಕ್ಟೋಬರಿನಿಂದ ಸಣ್ಣ ಮಾರಾಟಗಾರರು ಸ್ವಂತ ರಾಜ್ಯದೊಳಗೆ ಜಿಎಸ್‌ಟಿ ನೋಂದಣಿ ಇಲ್ಲದೆಯೂ ತಾಣಗಳಲ್ಲಿ ಮಾರಬಹುದು. ಅವರಿಗೆ ಎನ್‌ರೋಲ್‌ಮೆಂಟ್ ನಂಬರ್ ಮಾತ್ರ ಇರುತ್ತದೆ, ರಾಜ್ಯದಿಂದ ರಾಜ್ಯಕ್ಕೆ ಹಿಡಿದುಕೊಂಡು ಹೋಗಲು ಏನೂ ಇಲ್ಲ. ಈಗ ನಮ್ಮ ಪಡ್ಡಿನ ಹಂಚಿನ ಫೋಟೋ ಹಾಕಿಕೊಂಡವನೊಬ್ಬ ಇಂಥವನೇ. ಅವನ ಮಟ್ಟಿಗೆ ದೂರು ಅಧಿಕಾರಿಗೆ ಬರೆಯುವುದೊಂದೇ ದಾರಿ. ಬರೆದಿದ್ದೇನೆ, ತಲುಪಿದೆ ಅಂತ ಉತ್ತರ ಬಂದಿದೆ, ತಿಂಗಳ ಗಡುವು ಇನ್ನೂ ಮುಗಿದಿಲ್ಲ.