ಸೀತಾಫಲದ ಬೀಜ: ನುಂಗಿದರೆ ಗಾಬರಿ ಬೇಡ, ಅರೆದರೆ ಅಪಾಯ

ಆಗಸ್ಟ್ ಕಳೆಯುತ್ತಿದ್ದಂತೆ ಬೆಂಗಳೂರಿನ ತಳ್ಳುಗಾಡಿಗಳ ಮೇಲೆ ಸೀತಾಫಲ ರಾಶಿ ಬೀಳುತ್ತದೆ. ಮನೆಮನೆಯಲ್ಲಿ ಒಂದೇ ಪ್ರಶ್ನೆಯೂ ಏಳುತ್ತದೆ: ಇದರ ಬೀಜ ವಿಷ ಅಂತಾರಲ್ಲ, ನಿಜನಾ?

ನಿಜ. ಬೀಜದೊಳಗಿನ ಬಿಳಿ ತಿರುಳಿನಲ್ಲಿ ಅಸಿಟೊಜೆನಿನ್ ಎಂಬ ಗುಂಪಿನ ರಾಸಾಯನಿಕಗಳಿವೆ. ಜೀವಕೋಶ ಶಕ್ತಿ ತಯಾರಿಸುವುದನ್ನೇ ಇವು ತಡೆಯುತ್ತವೆ. ಕೀಟ ಸಾಯಿಸಲು ಈ ಬೀಜದ ಪುಡಿ ಬಳಸುವುದು ಇದರಿಂದಲೇ. ಆದರೆ ಹೊರಗಿನ ಕಪ್ಪು ಸಿಪ್ಪೆ ಬಹಳ ಗಟ್ಟಿ. ನಮ್ಮ ಹೊಟ್ಟೆ ಅದನ್ನು ಕರಗಿಸಲಾರದು. ಹಾಗಾಗಿ ಬೀಜ ಇಡಿಯಾಗಿದೆಯೋ, ಒಡೆದಿದೆಯೋ ಎಂಬುದನ್ನು ಮೊದಲು ನೋಡಬೇಕು.

ಮಗು ಬೀಜ ನುಂಗಿದರೆ

ಐದು ವರ್ಷದ ಮಗು ಎರಡು ಬೀಜ ನುಂಗಿತು ಎಂದುಕೊಳ್ಳಿ. ಮೊದಲು ಉಸಿರಾಟ ನೋಡಿ. ಕೆಮ್ಮು, ಏದುಸಿರು, ಜೊಲ್ಲು ಸುರಿಯುವುದು ಇದ್ದರೆ ಬೀಜ ಗಂಟಲಲ್ಲೋ ಶ್ವಾಸನಾಳದಲ್ಲೋ ಸಿಕ್ಕಿರಬಹುದು. ತಕ್ಷಣ ಆಸ್ಪತ್ರೆಗೆ ಹೊರಡಿ ಅಥವಾ 108ಕ್ಕೆ ಕರೆ ಮಾಡಿ. ಮಗು ಆರಾಮಾಗಿ ಆಡಿಕೊಂಡಿದ್ದರೆ ನೀರು ಕುಡಿಸಿ, ಸುಮ್ನೆ ಗಮನಿಸುತ್ತಿರಿ. ಬೀಜ ಇದ್ದ ಹಾಗೇ ಮಲದಲ್ಲಿ ಹೊರಗೆ ಬರುತ್ತದೆ. ಬೆರಳು ಹಾಕಿ ವಾಂತಿ ಮಾಡಿಸಬೇಡಿ.

ಕಚ್ಚಿ ಪುಡಿ ಮಾಡಿದ್ದರೆ ಚೂರುಗಳನ್ನು ಉಗುಳಿಸಿ, ಬಾಯಿ ಮುಕ್ಕಳಿಸಿ. ಆಮೇಲೆ ವಾಂತಿ, ಹೊಟ್ಟೆನೋವು ಶುರುವಾದರೆ ವೈದ್ಯರಿಗೆ ತೋರಿಸಿ. ತೀರಾ ಚಿಕ್ಕ ಮಕ್ಕಳಿಗೆ ಬೀಜ ತೆಗೆದ ತಿರುಳನ್ನಷ್ಟೇ ಕೊಡಿ. ಅವರ ವಿಷಯದಲ್ಲಿ ವಿಷಕ್ಕಿಂತ ಗಂಟಲಿಗೆ ಸಿಕ್ಕಿಕೊಳ್ಳುವ ಭಯವೇ ಜಾಸ್ತಿ.

ಮಿಲ್ಕ್‌ಶೇಕ್ ಮಾಡುವಾಗ

ಅಡುಗೆಮನೆಯಲ್ಲಿ ಬೀಜ ಒಡೆಯುವುದು ಸಾಮಾನ್ಯವಾಗಿ ಮಿಕ್ಸಿಯಲ್ಲಿ. ಬೀಜಸಮೇತ ತಿರುಳು ಹಾಕಿ ‘ಒಂದೇ ಸುತ್ತು, ಆಮೇಲೆ ಸೋಸಿದರಾಯಿತು’ ಎನ್ನುವವರಿದ್ದಾರೆ. ಒಂದೇ ಸುತ್ತಿಗೂ ಬೀಜ ಒಡೆಯಬಹುದು. ಸೋಸಿದರೆ ಚೂರು ನಿಲ್ಲುತ್ತದೆ, ಒಳಗಿಂದ ಬಂದ ರಸ ಹಾಲಿನಲ್ಲೇ ಉಳಿಯುತ್ತದೆ.

ಇದರ ಬದಲು ಹೀಗೆ ಮಾಡಿ. ಕಣ್ಣುಗಳ ನಡುವಿನ ಗೆರೆ ಹಳದಿ ಮಿಶ್ರಿತ ಕೆನೆಬಣ್ಣಕ್ಕೆ ತಿರುಗಿ, ಮೆಲ್ಲಗೆ ಒತ್ತಿದರೆ ಬಗ್ಗುವ ಎರಡು ಹಣ್ಣು ತೆಗೆದುಕೊಳ್ಳಿ. ಕೈಯಲ್ಲೇ ಬಿಡಿಸಿ, ತಿರುಳನ್ನು ಚಮಚದಿಂದ ಪಾತ್ರೆಗೆ ಹಾಕಿ. ಕಾಲು ಲೋಟ ತಣ್ಣನೆ ಹಾಲು ಸೇರಿಸಿ, ಮರದ ಕಡಗೋಲಿನಿಂದ ನಿಧಾನವಾಗಿ ಕಡೆಯಿರಿ. ತಿರುಳು ಬಿಟ್ಟುಕೊಂಡು ಬೀಜಗಳು ನುಣ್ಣಗೆ ಬೇರೆಯಾಗುತ್ತವೆ. ದೊಡ್ಡ ಕಣ್ಣಿನ ಜರಡಿಗೆ ಸುರಿದು ಸೌಟಿನ ಹಿಂಭಾಗದಿಂದ ಒತ್ತಿ. ಬೀಜವೆಲ್ಲ ಜರಡಿಯಲ್ಲೇ ಉಳಿದಿದೆ ಎಂದು ಖಾತ್ರಿಯಾದ ಮೇಲೆ ಮಿಕ್ಸಿ ಬಳಸಿ.

ಹಾಲಿನಲ್ಲಿ ಕಪ್ಪು ಸಿಪ್ಪೆಯ ಚೂರು ಕಂಡರೆ ರುಚಿ ನೋಡಲೂ ಹೋಗಬೇಡಿ, ಚೆಲ್ಲಿಬಿಡಿ. ಆದರೆ ಕಹಿಯಾದ ಕೂಡಲೇ ಬೀಜವೇ ಕಾರಣ ಅಂದುಕೊಳ್ಳಬೇಕಿಲ್ಲ. ಸೀತಾಫಲದ ತಿರುಳನ್ನು ಕಾಯಿಸಿದರೂ ಕಹಿಯಾಗುತ್ತದೆ. ಬಾಸುಂದಿಗೋ ಪಾಯಸಕ್ಕೋ ಹಾಕುವುದಾದರೆ ಹಾಲು ಪೂರ್ತಿ ತಣ್ಣಗಾದ ಮೇಲೆ ಬೆರೆಸಿ.

ತಿರುಳನ್ನು ಧಾರಾಳವಾಗಿ ತಿನ್ನಬಹುದು. ಸಕ್ಕರೆ ಕಾಯಿಲೆ ಇದ್ದವರು ಮಾತ್ರ ಅಳತೆ ನೋಡಿಕೊಳ್ಳಬೇಕು: 100 ಗ್ರಾಂ ತಿರುಳಿನಲ್ಲಿ 20 ಗ್ರಾಂಗಿಂತ ಜಾಸ್ತಿ ಕಾರ್ಬೋಹೈಡ್ರೇಟ್ ಇರುತ್ತದೆ. ಹೊರಗಿನ ಸಿಪ್ಪೆ, ಎಲೆ ತಿನ್ನುವಂಥವಲ್ಲ. ಬೀಜ ಕಡಿಮೆ ಇರುವ ಹಣ್ಣು ಬೇಕೆಂದರೆ ‘ಅರ್ಕಾ ಸಹನ್’ ಕೇಳಿ ನೋಡಿ. ನಮ್ಮ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ತಳಿ ಅದು.

ಹೇನಿಗೆ ಬೀಜದ ಪುಡಿ ಬೇಡವೇ ಬೇಡ

ನನಗೆ ಅತಿ ಹೆಚ್ಚು ಆತಂಕ ಇರುವುದು ಇದರ ಬಗ್ಗೆ. ತಿಂದ ಬೀಜಕ್ಕಿಂತ ತಲೆಗೆ ಹಚ್ಚಿದ ಬೀಜ ಮಾಡುವ ಹಾನಿ ದೊಡ್ಡದು. ಬೀಜ ಒಣಗಿಸಿ, ಪುಡಿ ಮಾಡಿ, ಕೊಬ್ಬರಿ ಎಣ್ಣೆಯಲ್ಲಿ ಕಲಸಿ ಹಚ್ಚುವುದು ಹಳೆಯ ಪದ್ಧತಿ. ಹೇನು ಸಾಯುತ್ತದೆ, ಸುಳ್ಳಲ್ಲ. ಆದರೆ ತಲೆಗೆ ನೀರು ಹಾಕುವಾಗ ಆ ಪುಡಿ ಹಣೆಯಿಂದ ಕಣ್ಣಿಗೆ ಇಳಿಯುತ್ತದೆ. ಕಣ್ಣಿನ ಕರಿಗುಡ್ಡೆಯ ಮೇಲಿನ ತೆಳು ಪದರ ಸುಟ್ಟಂತೆ ಕಿತ್ತುಬರುತ್ತದೆ. ಹಾನಿ ಆಳವಾದರೆ ದೃಷ್ಟಿಗೇ ಪೆಟ್ಟು. ಹೇನಿಗೆ ಒದ್ದೆ ಕೂದಲನ್ನು ಹೇನು ಬಾಚಣಿಗೆಯಿಂದ ಬಾಚಿ, ಇಲ್ಲವೇ ವೈದ್ಯರನ್ನು ಕೇಳಿ ಪರ್ಮೆಥ್ರಿನ್ ಲೋಷನ್ ಹಚ್ಚಿ.

ಪುಡಿ ಕಣ್ಣಿಗೆ ಬಿದ್ದೇಬಿಟ್ಟರೆ ಉಜ್ಜಬೇಡಿ. ಕಣ್ಣು ತೆರೆದು ಹಿಡಿದು, ಶುದ್ಧ ನೀರನ್ನು ಸಣ್ಣಗೆ ಹರಿಸುತ್ತಾ 15ರಿಂದ 20 ನಿಮಿಷ ತೊಳೆಯಿರಿ. ಎದೆಹಾಲು, ತುಪ್ಪ, ಮನೆಯಲ್ಲಿ ಉಳಿದ ಹಳೆಯ ಕಣ್ಣಿನ ಡ್ರಾಪ್ಸ್ ಯಾವುದೂ ಬೇಡ. ಉರಿ ಕಡಿಮೆಯಾಯಿತೆಂದು ಮಲಗಿಬಿಡಬೇಡಿ. ಎಷ್ಟೋ ಸಲ ನೋವು, ಕೆಂಪು, ಬೆಳಕು ನೋಡಲಾಗದ ಬಾಧೆ ಕೆಲವು ಗಂಟೆಗಳ ನಂತರ ಜೋರಾಗುತ್ತದೆ. ಅವತ್ತೇ ಮಿಂಟೋ ಆಸ್ಪತ್ರೆಗೋ ಹತ್ತಿರದ ಕಣ್ಣಿನ ವೈದ್ಯರ ಬಳಿಗೋ ಹೋಗಿ, ಹಚ್ಚಿದ್ದು ಸೀತಾಫಲದ ಬೀಜ ಎಂದು ಬಾಯಿಬಿಟ್ಟು ಹೇಳಿ.