ಖಾಲಿ ಹೊಟ್ಟೆ ಶುಗರ್ ನಾರ್ಮಲ್ ಬಂತಾ? ಇನ್ನೆರಡು ಗಂಟೆ ಕೂತಿರಿ

ಮಂಡ್ಯದ ಲ್ಯಾಬೊಂದರಲ್ಲಿ ರಕ್ತ ತೆಗೆಯುವುದು ನನ್ನ ಕೆಲಸ. ಒಂದು ಬೆಳಿಗ್ಗೆ ಅಕ್ಕ, ತಮ್ಮ ಒಟ್ಟಿಗೆ ಬಂದರು. ಇಬ್ಬರೂ ನಲವತ್ತು ದಾಟಿದವರು. ಅಪ್ಪನಿಗೆ ಸಕ್ಕರೆ ಕಾಯಿಲೆ, ಹಾಗಾಗಿ ಇವರಿಗೂ ದಿಗಿಲು. ಖಾಲಿ ಹೊಟ್ಟೆಯಲ್ಲಿ ತಮ್ಮನಿಗೆ 114, ಅಕ್ಕನಿಗೆ 94.

"ನೋಡ್ದಾ, ನಂಗೇನೂ ಇಲ್ಲ" ಅಂತ ಅಕ್ಕ ಚೀಲ ಹಿಡಿದು ಎದ್ದೇಬಿಟ್ಟರು.

"ಕೂತ್ಕೊಳ್ಳಿ ಅಕ್ಕ, ಡಾಕ್ಟ್ರು ಜಿಟಿಟಿ ಬರೆದಿದ್ದಾರೆ" ಅಂದೆ. ಗ್ಲೂಕೋಸ್ ಕುಡಿದು ಎರಡು ಗಂಟೆಯಾದ ಮೇಲೆ ತಮ್ಮನಿಗೆ 122, ಅಕ್ಕನಿಗೆ 176.

ಇಬ್ಬರದೂ ಬಾರ್ಡರ್‌ಲೈನ್ ಶುಗರ್‌. ಆದರೆ ಒಂದೇ ತೊಂದರೆ ಅಲ್ಲ. ಖಾಲಿ ಹೊಟ್ಟೆಯಲ್ಲಿ 100ರಿಂದ 125 ಬಂದರೆ ಇಂಪೇರ್ಡ್ ಫಾಸ್ಟಿಂಗ್ ಗ್ಲೂಕೋಸ್, ಅಂದರೆ ಐಎಫ್‌ಜಿ. (ವಿಶ್ವ ಆರೋಗ್ಯ ಸಂಸ್ಥೆ 110ರಿಂದ ಲೆಕ್ಕ ಹಿಡಿಯುತ್ತದೆ. 104 ಬಂದವರಿಗೆ ಒಬ್ಬ ಡಾಕ್ಟರ್ ಒಂದು ಹೇಳಿ, ಇನ್ನೊಬ್ಬರು ಇನ್ನೊಂದು ಹೇಳುವುದು ಇದಕ್ಕೇ.) ಗ್ಲೂಕೋಸ್ ಕುಡಿದ ಎರಡು ಗಂಟೆಗೆ 140ರಿಂದ 199 ಬಂದರೆ ಇಂಪೇರ್ಡ್ ಗ್ಲೂಕೋಸ್ ಟಾಲರೆನ್ಸ್, ಅಂದರೆ ಐಜಿಟಿ. ತಮ್ಮನದು ಮೊದಲನೆಯದು, ಅಕ್ಕನದು ಎರಡನೆಯದು.

ತೂಬು ಸೋರುವುದು, ಗದ್ದೆ ಕುಡಿಯದಿರುವುದು

ರಾತ್ರಿ ನಾವು ಮಲಗಿದ್ದಾಗಲೂ ಮಿದುಳಿಗೆ ಸಕ್ಕರೆ ಬೇಕು. ಅದನ್ನು ರಕ್ತಕ್ಕೆ ಬಿಡುವುದು ಲಿವರ್, ಬಿಡುವುದನ್ನು ಹಿಡಿತದಲ್ಲಿಡುವುದು ಇನ್ಸುಲಿನ್. ತಮ್ಮನ ಲಿವರ್ ಇನ್ಸುಲಿನ್ ಮಾತನ್ನು ಸರಿಯಾಗಿ ಕೇಳುತ್ತಿಲ್ಲ. ನಾಲೆಯ ತೂಬು ಪೂರ್ತಿ ಮುಚ್ಚದಿದ್ದರೆ ರಾತ್ರಿಯೆಲ್ಲ ನೀರು ಸೋರುತ್ತದಲ್ವಾ, ಹಾಗೆ. ಊಟವಾದ ಕೂಡಲೇ ಬರಬೇಕಾದ ಇನ್ಸುಲಿನ್‌ನ ಮೊದಲ ಅಲೆಯೂ ಇಂಥವರಲ್ಲಿ ದುರ್ಬಲ. ಆದರೆ ಸ್ನಾಯುಗಳು ಹೆಚ್ಚುಕಡಿಮೆ ಚೆನ್ನಾಗಿಯೇ ಇರುತ್ತವೆ. ಅದಕ್ಕೇ ಏರಿದ ಸಕ್ಕರೆ ಎರಡು ಗಂಟೆಯೊಳಗೆ ಇಳಿದುಬಿಡುತ್ತದೆ.

ಅಕ್ಕನ ತೂಬು ಸರಿಯಿದೆ, ಗದ್ದೆ ನೀರು ಕುಡಿಯುತ್ತಿಲ್ಲ. ಉಂಡ ಸಕ್ಕರೆಯನ್ನು ಎಳೆದುಕೊಳ್ಳಬೇಕಾದ ಸ್ನಾಯುಗಳೇ ಇನ್ಸುಲಿನ್‌ಗೆ ಮೊಂಡಾಗಿವೆ. ತಡವಾಗಿ ಬರಬೇಕಾದ ಇನ್ಸುಲಿನ್ ಕೂಡ ಸಾಲುತ್ತಿಲ್ಲ. ಬೆಳಿಗ್ಗೆಯ ಒಂದೇ ರಕ್ತ ನೋಡಿ ಕಳಿಸಿದ್ದರೆ ಇದು ಗೊತ್ತಾಗುತ್ತಲೇ ಇರಲಿಲ್ಲ. ಐಎಫ್‌ಜಿ ಗಂಡಸರಲ್ಲಿ ಜಾಸ್ತಿ, ಐಜಿಟಿ ಹೆಂಗಸರಲ್ಲಿ ಜಾಸ್ತಿ. ಹಾಗಾಗಿ ಫಾಸ್ಟಿಂಗ್ ಒಂದನ್ನೇ ನಂಬಿದರೆ ಹೆಚ್ಚು ತಪ್ಪಿಹೋಗುವವರು ನಮ್ಮ ಅಕ್ಕಂದಿರೇ.

ಪರೀಕ್ಷೆ ಮಾಡಿಸುವ ಬಗೆ

ಹಿಂದಿನ ಮೂರು ದಿನ ಎಂದಿನಂತೆ ಉಣ್ಣಿ. ರಿಪೋರ್ಟ್ ಚೆನ್ನಾಗಿ ಬರಲಿ ಅಂತ ಮುದ್ದೆ, ಅನ್ನ ಬಿಟ್ಟು ಬರುವವರಿದ್ದಾರೆ. ಅದು ತಿರುಗುಬಾಣ. ಅನ್ನ, ಮುದ್ದೆ ಕಾಣದ ದೇಹ ಗ್ಲೂಕೋಸನ್ನು ಅರಗಿಸಲು ತಡವರಿಸಿ ನಂಬರ್ ಮೇಲೇರುತ್ತದೆ. ಜ್ವರವಿದ್ದರೆ ಮುಂದೂಡಿ. ಸ್ಟೀರಾಯ್ಡ್ ಮಾತ್ರೆ ನುಂಗುತ್ತಿದ್ದರೆ ಮೊದಲೇ ಹೇಳಿ.

ರಾತ್ರಿ ಊಟವಾದ ಮೇಲೆ ಕನಿಷ್ಠ 8 ಗಂಟೆ ನೀರು ಬಿಟ್ಟು ಬೇರೇನೂ ಬೇಡ, ಕಾಫಿಯೂ ಬೇಡ. ಬೆಳಿಗ್ಗೆ ಮೊದಲ ರಕ್ತ ಕೊಟ್ಟು, ಸುಮಾರು 300 ಎಂಎಲ್ ನೀರಿನಲ್ಲಿ ಕರಗಿಸಿದ 75 ಗ್ರಾಂ ಗ್ಲೂಕೋಸನ್ನು 5 ನಿಮಿಷದೊಳಗೆ ಕುಡಿಯಬೇಕು. ಮೊದಲ ಗುಟುಕಿನಿಂದಲೇ ಗಡಿಯಾರ ನೋಡಿಕೊಳ್ಳಿ. ವಾಂತಿಯಾದರೆ ಆ ದಿನದ ಪರೀಕ್ಷೆ ಕೆಟ್ಟಿತು, ಇನ್ನೊಂದು ದಿನ ಬರಬೇಕು.

ಆಮೇಲೆ ಸುಮ್ನೆ ಕೂತಿರಬೇಕು. ಜನ ತಪ್ಪುವುದು ಇಲ್ಲೇ. "ಮಾರ್ಕೆಟ್‌ಗೆ ಹೋಗಿ ಬರ್ತೀನಿ" ಅಂತ ಹೊರಡುತ್ತಾರೆ. ನಡೆದರೆ ಸ್ನಾಯು ಸಕ್ಕರೆ ಎಳೆದುಕೊಂಡು, ಇರುವ ಐಜಿಟಿ ಮರೆಯಾಗುತ್ತದೆ. ಬೀಡಿ, ಸಿಗರೇಟೂ ಸೇದಬಾರದು. ಎರಡು ಇಡ್ಲಿ ತಿಂದು ಕೊಡುವ ಪಿಪಿ, ಅಂದರೆ ಊಟದ ನಂತರದ ಶುಗರ್ ಪರೀಕ್ಷೆ, ಇದಕ್ಕೆ ಬದಲಿಯಲ್ಲ. ಮನೆಯ ಗ್ಲೂಕೋಮೀಟರ್‌ ರೀಡಿಂಗ್‌ಗೂ ಈ ತೀರ್ಮಾನ ಮಾಡುವಷ್ಟು ನಿಖರತೆ ಇಲ್ಲ.

ಮುಂದೆ ಏನಾಗಬಹುದು

ಎರಡೂ ಸಕ್ಕರೆ ಕಾಯಿಲೆಯತ್ತಲೇ ಎಳೆಯುತ್ತವೆ. ಎರಡೂ ಒಬ್ಬರಲ್ಲೇ ಇದ್ದರೆ ಅಪಾಯ ಇನ್ನಷ್ಟು ಏರುತ್ತದೆ. ಹೃದಯದ ಕಾಯಿಲೆಯ ಮಟ್ಟಿಗೆ ಹೇಳುವುದಾದರೆ ಎರಡು ಗಂಟೆಯ ನಂಬರ್ ಖಾಲಿ ಹೊಟ್ಟೆಯದಕ್ಕಿಂತ ಗಟ್ಟಿ ಸೂಚನೆ ಕೊಡುತ್ತದೆ. ನನ್ನನ್ನು ಕೇಳಿದರೆ, 94 ನೋಡಿ ಎದ್ದು ಹೊರಟ ಅಕ್ಕನ ಬಗ್ಗೆಯೇ ನನಗೆ ಚಿಂತೆ ಜಾಸ್ತಿ.

ಅಕ್ಕನಿಗೆ ಅನುಕೂಲವಾದ ಮಾತೂ ಒಂದಿದೆ. ಚೆನ್ನೈಯಲ್ಲಿ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಊಟ, ವ್ಯಾಯಾಮದ ತರಬೇತಿ, ಬೇಕಾದವರಿಗೆ ಶುಗರ್ ಇಳಿಸುವ ಮೆಟ್‌ಫಾರ್ಮಿನ್ ಮಾತ್ರೆ ಕೊಟ್ಟು ನೋಡಿದರು. ಐಜಿಟಿ ಮಾತ್ರ ಇದ್ದವರಲ್ಲಿ ಸಕ್ಕರೆ ಕಾಯಿಲೆ ಬರುವುದು 31% ಕಡಿಮೆಯಾಯಿತು, ಎರಡೂ ಇದ್ದವರಲ್ಲಿ 36%. ತಮ್ಮನಂತೆ ಬರೀ ಐಎಫ್‌ಜಿ ಇದ್ದವರಲ್ಲಿ 12% ಮಾತ್ರ. ನಡಿಗೆ ಸ್ನಾಯುವಿಗೆ ನೇರವಾಗಿ ನಾಟುತ್ತದೆ, ಲಿವರ್ ಅಷ್ಟು ಬೇಗ ಬಗ್ಗುವುದಿಲ್ಲ ಎಂದು ನಾನು ಅರ್ಥ ಮಾಡಿಕೊಂಡಿದ್ದೇನೆ.

ಒಂದು ದಿನದ ನಂಬರ್ ಇನ್ನೊಂದು ದಿನ ಹಾಗೆಯೇ ಬರುವುದಿಲ್ಲ, ಎರಡು ಗಂಟೆಯದಂತೂ ಹೆಚ್ಚು ಏರಿಳಿಯುತ್ತದೆ. ಹಾಗಾಗಿ ಡಾಕ್ಟರ್ ಇಬ್ಬರಿಗೂ ವರ್ಷದ ಮೇಲೆ ಮತ್ತೆ ಜಿಟಿಟಿ ಬರೆದರು. ಅಕ್ಕ ಚೀಟಿ ಮಡಚಿಕೊಳ್ಳುತ್ತಾ, "ಮುಂದಿನ ಸಲ ಹೆಣೆಯೋಕೆ ಏನಾದ್ರೂ ತರ್ತೀನಪ್ಪ, ಎರಡು ಗಂಟೆ ಸುಮ್ನೆ ಕೂರೋದು ನನ್ ಕೈಲಾಗಲ್ಲ" ಅಂದರು.